ಹಬ್ಬದ ಸೀಸನ್ ಮೆಹಂದಿ ಬುಕಿಂಗ್ ಶುರು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿವರೆಗಿನ ಬುಕಿಂಗ್ ತೆರೆದಿದ್ದೇನೆ. ಮೈಸೂರು ಊರೊಳಗೆ ಎಲ್ಲಿದ್ದರೂ ಮನೆಗೇ ಬಂದು ಹಾಕುತ್ತೇನೆ. ಮೆಸೇಜ್ ಮಾಡುವ ಮೊದಲು ಇದನ್ನೊಮ್ಮೆ ಓದಿಕೊಳ್ಳಿ. ಡಿಸೈನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದರೆ ಯಾವ ದಿನ ಹಾಕಿಸಿಕೊಳ್ಳಬೇಕು ಅಂತ ಕೇಳುವವರು ಕಡಿಮೆ. ಹಬ್ಬದ ದಿನ ಕೈ ಕೆಂಪಾಗಿ ಕಾಣುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಆ ದಿನದ ಮೇಲೆಯೇ ನಿಂತಿದೆ.

ಹಬ್ಬದ ಹಿಂದಿನ ದಿನ ಸ್ಲಾಟ್ ಇದೆಯಾ?

ಇದೆ, ಆದರೆ ಬೆಳಿಗ್ಗೆ ಮಾತ್ರ. ಅದನ್ನೂ ಬೇರೆ ದಾರಿ ಇಲ್ಲದವರಿಗೆ ಅಂತ ಇಟ್ಟಿದ್ದೇನೆ. ನಾನು ಹೇಳುವುದು ಎರಡು ದಿನ ಮೊದಲು ಹಾಕಿಸಿಕೊಳ್ಳಿ ಅಂತ.

ಕಾರಣ ಇಷ್ಟೇ. ಮೆಹಂದಿ ಸೊಪ್ಪಿನಲ್ಲಿ ಬಣ್ಣ ಕೊಡುವ ಅಂಶಕ್ಕೆ ಲಾಸೋನ್ ಅಂತ ಹೆಸರು. ಅದು ಚರ್ಮದ ಮೇಲ್ಪದರಕ್ಕೆ ಇಳಿದು ಅಲ್ಲಿ ಹಿಡಿದುಕೊಳ್ಳುತ್ತದೆ. ಒಣಗಿದ ಮೆಹಂದಿ ಉದುರಿಸಿದ ತಕ್ಷಣ ನಿಮಗೆ ಕಾಣುವುದು ಕಿತ್ತಳೆ ಬಣ್ಣ. ಆಮೇಲೆ ಗಾಳಿ ಸೋಕುತ್ತಾ ಸೋಕುತ್ತಾ ಅದು ಕೆಂಪಾಗಿ, ಕೊನೆಗೆ ಕಂದುಗೆಂಪಿಗೆ ತಿರುಗುತ್ತದೆ. ಇದಕ್ಕೆ 24ರಿಂದ 48 ಗಂಟೆ ಬೇಕು. ಹಿಂದಿನ ದಿನ ಸಂಜೆ ಹಾಕಿಸಿಕೊಂಡರೆ ಪೂಜೆಗೆ ಕೂರುವಾಗ ಕೈ ಕಿತ್ತಳೆಯಾಗಿಯೇ ಇರುತ್ತದೆ, ಒಳ್ಳೆಯ ಬಣ್ಣ ಬರುವುದು ಹಬ್ಬ ಮುಗಿದ ಮೇಲೆ. ಎಷ್ಟೋ ಜನ ಇದನ್ನು ನೋಡಿ ಮೆಹಂದಿ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಮೆಹಂದಿ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಸಮಯ ಸಿಕ್ಕಿರುವುದಿಲ್ಲ ಅಷ್ಟೇ.

ಹಾಗಾದರೆ ಯಾವ ಹಬ್ಬಕ್ಕೆ ಯಾವ ದಿನ ಬುಕ್ ಮಾಡಲಿ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಂದೊಂದು ಹಬ್ಬದ ಲೆಕ್ಕ ಒಂದೊಂದು ಥರ.

ವರಮಹಾಲಕ್ಷ್ಮಿ ಯಾವಾಗಲೂ ಶುಕ್ರವಾರವೇ ಬರುವುದರಿಂದ ಇದು ಸುಲಭ. ಬುಧವಾರ ಮಧ್ಯಾಹ್ನ ಹಾಕಿಸಿಕೊಳ್ಳಿ. ರಾತ್ರಿ ಉದುರಿಸಿದರೆ ಶುಕ್ರವಾರ ಬೆಳಿಗ್ಗೆ ಪೂಜೆಯ ಹೊತ್ತಿಗೆ ಚೆನ್ನಾಗಿ ಕೆಂಪಾಗಿರುತ್ತದೆ. ಸಂಜೆ ಅರಿಶಿನ ಕುಂಕುಮಕ್ಕೆ ಮುತ್ತೈದೆಯರು ಬರುವ ಹೊತ್ತಿಗೆ ಬಣ್ಣ ಪೂರ್ತಿ ಏರಿರುತ್ತದೆ. ಬುಧವಾರ ಮೂರು ಸ್ಲಾಟ್ ಇಟ್ಟಿದ್ದೇನೆ: ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 2ರಿಂದ 5, ಸಂಜೆ 5:30ರಿಂದ 8. ಮಂಗಳವಾರವೂ ಹೀಗೆಯೇ. ಗುರುವಾರ ಬೆಳಿಗ್ಗೆ ಒಂದೇ. ಗುರುವಾರ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವತ್ತು ಹೂವು ಕಟ್ಟುವುದು, ಕಳಶಕ್ಕೆ ಸೀರೆ ಉಡಿಸುವುದು, ಹೋಳಿಗೆಗೆ ಹೂರಣ ರುಬ್ಬುವುದು ಎಲ್ಲಾ ಒಟ್ಟಿಗೆ ಇರುತ್ತದೆ, ಕೈ ಚಾಚಿಕೊಂಡು ಆರು ಗಂಟೆ ಕೂರುವುದು ಯಾರಿಂದ ಆಗುತ್ತದೆ ಹೇಳಿ.

ಗೌರಿ ಹಬ್ಬ ತದಿಗೆಗೆ ಬರುವುದರಿಂದ ಎರಡು ದಿನ ಮೊದಲು, ಅಂದರೆ ಭಾದ್ರಪದ ಪಾಡ್ಯದಂದೇ ಹಾಕಿಸಿಕೊಳ್ಳಿ. ಕೆಲವು ವರ್ಷ ತಿಥಿ ಕೂಡಿಕೊಂಡು ಗೌರಿ ಗಣೇಶ ಒಂದೇ ದಿನ ಬಂದುಬಿಡುತ್ತವೆ, ಹಾಗಾಗಿ ನಿಮ್ಮ ಮನೆಯಲ್ಲಿ ಗೌರಿ ಕೂರಿಸುವ ದಿನ ಯಾವುದು ಅಂತ ಮೆಸೇಜಿನಲ್ಲೇ ಬರೆಯಿರಿ. ಬಾಗಿನ ಕೊಡುವಾಗ ಮೊರದ ಮೇಲೆ ಎಲ್ಲರ ಕಣ್ಣು ಹೋಗುವುದು ಮುಂಗೈಗೆ. ಅದಕ್ಕೇ ಗೌರಿಗೆ ಅಂಗೈ ಮಾತ್ರ ಸಾಕು ಅನ್ನುವವರಿಗೂ ಮುಂಗೈಗೆ ಒಂದು ಸಣ್ಣ ಬಳ್ಳಿ ಹಾಕಿಸಿಕೊಳ್ಳಿ ಅನ್ನುತ್ತೇನೆ.

ನವರಾತ್ರಿಯದ್ದು ಬೇರೆ. ಪಾಡ್ಯಕ್ಕೆ ಮುಂಚಿನ ಹದಿನೈದು ದಿನ ಪಿತೃಪಕ್ಷ. ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ತುಂಬಾ ಮನೆಗಳಲ್ಲಿ ಮೆಹಂದಿ ಹಾಕಿಕೊಳ್ಳುವುದಿಲ್ಲ, ನಾನೂ ಆ ದಿನಗಳಲ್ಲಿ ಹಬ್ಬದ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎರಡು ದಿನ ಮೊದಲು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಂಚಮಿಯಂದು ಹಾಕಿಸಿಕೊಂಡರೆ ಸಪ್ತಮಿಗೆ ಬಣ್ಣ ಏರಿ, ಆಯುಧಪೂಜೆ ದಾಟಿ ವಿಜಯದಶಮಿವರೆಗೂ ಅಂಗೈ ಚೆನ್ನಾಗಿರುತ್ತದೆ. ಗೊಂಬೆ ಕೂರಿಸಿ ದಿನಾ ಸಂಜೆ ಜನರನ್ನು ಕರೆಯುವ ಮನೆಯವರಾದರೆ ಪಾಡ್ಯದ ದಿನವೇ ಹಾಕಿಸಿಕೊಳ್ಳಿ. ದಶಮಿಯ ಹೊತ್ತಿಗೆ ಮುಂಗೈ ಸ್ವಲ್ಪ ಮಾಸಿರುತ್ತದೆ ಅನ್ನುವುದು ಗೊತ್ತಿರಲಿ. ದಸರಾ ಕೊನೆಯ ಮೂರು ದಿನ ಅರಮನೆ ಸುತ್ತಮುತ್ತ ರಸ್ತೆಗಳನ್ನು ಮುಚ್ಚುವುದರಿಂದ ಆ ಕಡೆ ಮಧ್ಯಾಹ್ನದ ಮೇಲೆ ನನಗೆ ಬರಲು ಆಗುವುದಿಲ್ಲ.

ದೀಪಾವಳಿಯಲ್ಲಿ ಎಡವಟ್ಟಾಗುವುದು ಎಣ್ಣೆ ಸ್ನಾನದಿಂದ. ನರಕ ಚತುರ್ದಶಿ ಬೆಳಿಗ್ಗೆ ಮೈತುಂಬಾ ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲೋ ಕಡಲೆಹಿಟ್ಟಿನಲ್ಲೋ ಉಜ್ಜಿ ಉಜ್ಜಿ ತೊಳೆಯುತ್ತೇವೆ. ಎಣ್ಣೆಯಿಂದ ಮೆಹಂದಿಗೆ ತೊಂದರೆ ಇಲ್ಲ, ಉಜ್ಜುವುದರಿಂದ ತೊಂದರೆ. ಬಣ್ಣ ಕೂತಿರುವುದೇ ಚರ್ಮದ ಮೇಲ್ಪದರದಲ್ಲಿ, ಉಜ್ಜಿದರೆ ಆ ಪದರವೇ ಕಿತ್ತುಹೋಗುತ್ತದೆ. ಅದಕ್ಕೆ ಎರಡು ದಾರಿ ಇದೆ. ಏಕಾದಶಿಯಂದು ಹಾಕಿಸಿಕೊಂಡು, ಸ್ನಾನದ ದಿನ ಅಂಗೈ ಮುಂಗೈಗೆ ಸೀಗೆಪುಡಿ ಮುಟ್ಟಿಸಬೇಡಿ, ಬೇರೆಯವರ ಕೈಲಿ ತಲೆ ಉಜ್ಜಿಸಿಕೊಳ್ಳಿ. ಅದಾಗದಿದ್ದರೆ ಎಣ್ಣೆ ಸ್ನಾನ ಮುಗಿಸಿ, ಕೈಯ ಜಿಡ್ಡು ಸೋಪಿನಲ್ಲಿ ಪೂರ್ತಿ ತೊಳೆದು, ಅವತ್ತೇ ಮಧ್ಯಾಹ್ನ ಹಾಕಿಸಿಕೊಳ್ಳಿ. ಆಗ ಅಮಾವಾಸ್ಯೆ ಲಕ್ಷ್ಮೀ ಪೂಜೆಗೆ ತಿಳಿಗೆಂಪು ಇರುತ್ತದೆ, ಬಲಿಪಾಡ್ಯಮಿಗೆ ಗಾಢವಾಗುತ್ತದೆ. ಹೆಚ್ಚಿನವರಿಗೆ ಈ ಎರಡನೆಯದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ದಸರಾ ದೀಪಾವಳಿ ನಡುವೆ ಬರುವ ಕರ್ವಾ ಚೌತ್‌ಗೆ ಬೇರೆ ಸ್ಲಾಟ್ ಇದೆ. ಅದಕ್ಕೂ ಎರಡು ದಿನ ಮೊದಲು ಬುಕ್ ಮಾಡಿದರೆ ಒಳ್ಳೆಯದು, ಹಿಂದಿನ ದಿನಕ್ಕೇ ಎಲ್ಲರೂ ಮುಗಿಬೀಳುತ್ತಾರೆ.

ಯಾವ ಯಾವ ಡಿಸೈನ್ ಹಾಕುತ್ತೀರಿ?

ಹಬ್ಬಕ್ಕೆ ನಾಲ್ಕು ಬಗೆ ಇಟ್ಟುಕೊಂಡಿದ್ದೇನೆ. ಮದುವೆ ಮೆಹಂದಿ ಇದರಲ್ಲಿ ಸೇರಿಲ್ಲ.

ಮೊದಲನೆಯದು ನಮ್ಮ ಹಳೆಯ ಚಂದ್ರ ಚುಕ್ಕಿ. ಅಂಗೈ ನಡುವೆ ಒಂದು ದುಂಡು ಬೊಟ್ಟು, ಅದರ ಸುತ್ತ ಸಣ್ಣ ಸಣ್ಣ ಬೊಟ್ಟುಗಳು, ಬೆರಳ ತುದಿಗೆ ಟೊಪ್ಪಿಗೆ ಹಾಕಿದ ಹಾಗೆ ಪೂರ್ತಿ ಮೆಹಂದಿ. ಅಜ್ಜಿಯಂದಿರು ಗೋರಂಟಿ ಸೊಪ್ಪನ್ನು ಒರಳಿನಲ್ಲಿ ರುಬ್ಬಿ ಇಡುತ್ತಿದ್ದದ್ದು ಇದೇ. ನನಗೆ ತುಂಬಾ ಇಷ್ಟ ಇದು. ಇಷ್ಟ ಅನ್ನುವುದು ಒಂದು ಕಡೆ ಇರಲಿ, ಕೆಲಸದ ಲೆಕ್ಕದಲ್ಲಿ ನೋಡಿದರೂ ಇದರ ಬಣ್ಣವನ್ನು ಬೇರೆ ಯಾವ ಡಿಸೈನೂ ಮೀರಿಸುವುದಿಲ್ಲ. ಅಂಗೈ ಮತ್ತು ಬೆರಳ ತುದಿಯ ಚರ್ಮ ದಪ್ಪ, ಮೆಹಂದಿಯೂ ದಪ್ಪಕ್ಕೆ ಕೂರುತ್ತದೆ, ನಿಧಾನಕ್ಕೆ ಒಣಗುತ್ತದೆ, ಹಾಗಾಗಿ ಬಣ್ಣ ಆಳಕ್ಕೆ ಇಳಿಯುತ್ತದೆ. ಎರಡೂ ಕೈಗೆ ಹತ್ತು ನಿಮಿಷ ಸಾಕು.

ಎರಡನೆಯದು ಅರೇಬಿಕ್. ಮುಂಗೈ ಮೇಲೆ ಮಣಿಕಟ್ಟಿನಿಂದ ತೋರುಬೆರಳವರೆಗೆ ಓರೆಯಾಗಿ ಒಂದು ಬಳ್ಳಿ ಹೋಗುತ್ತದೆ, ದಪ್ಪ ಗೆರೆಯ ಹೂವು, ಎಲೆ, ಅಕ್ಕಪಕ್ಕ ಖಾಲಿ ಚರ್ಮ. ಈ ಖಾಲಿ ಜಾಗವೇ ಇದರ ಚಂದ. ಇಲ್ಲಿ ತುಂಬಿಸಿ ಅಲ್ಲಿ ತುಂಬಿಸಿ ಅಂತ ಹೇಳಿದರೆ ಬಳ್ಳಿ ಕಾಣದೇ ಹೋಗುತ್ತದೆ. ಒಂದು ಬದಿಗೆ ಹತ್ತರಿಂದ ಹದಿನೈದು ನಿಮಿಷ.

ಮೂರನೆಯದು ಮಂಡಲ. ಅಂಗೈ ನಡುವೆ ಕಮಲ, ಅದರ ಸುತ್ತ ದಳಗಳು, ಆಮೇಲೆ ಸಣ್ಣ ಕಮಾನುಗಳ ಒಂದು ಸಾಲು, ಹೊರಗೆ ಚುಕ್ಕಿ. ಕೇಳಿದರೆ ಮಣಿಕಟ್ಟಿಗೆ ಎಳೆ ರಂಗೋಲಿಯ ಪಟ್ಟಿ ಸೇರಿಸುತ್ತೇನೆ. ಒಂದು ಅಂಗೈಗೆ ಇಪ್ಪತ್ತು ನಿಮಿಷ.

ನಾಲ್ಕನೆಯದು ರಾಜಸ್ಥಾನಿ ತುಂಬುಗೈ. ನವಿಲು, ಮಾವಿನಕಾಯಿ, ನಡುವೆ ಜಾಲಿ, ಎಲ್ಲೂ ಜಾಗ ಬಿಡದೆ ತುಂಬುವುದು. ಒಂದು ಬದಿಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಹಬ್ಬದ ಸ್ಲಾಟಿನಲ್ಲಿ ಒಂದು ಮನೆಗೆ ಒಬ್ಬರಿಗೆ ಮಾತ್ರ ಇದನ್ನು ಒಪ್ಪಿಕೊಳ್ಳುತ್ತೇನೆ.

ಇಲ್ಲಿ ಒಂದು ವಿಷಯ ಗಮನಿಸಿ. ಫೋಟೋದಲ್ಲಿ ಜಾಲಿಯ ಕೂದಲೆಳೆಯಂಥ ಗೆರೆಗಳು ತುಂಬಾ ಚೆಂದ ಕಾಣುತ್ತವೆ. ಆದರೆ ಸಣ್ಣ ಗೆರೆ ಬೇಗ ಒಣಗುತ್ತದೆ, ಒಣಗಿದ ಮೇಲೆ ಬಣ್ಣ ಇಳಿಯುವುದು ನಿಂತುಹೋಗುತ್ತದೆ. ಅಂಗೈಯಲ್ಲಿ ಅಂಥ ಗೆರೆ ಹಾಕಿಸಿಕೊಂಡು ಪಾತ್ರೆ ತೊಳೆದರೆ ಮೂರನೇ ದಿನಕ್ಕೆ ಜಾಲಿ ಮಸುಕಾಗಿ, ಒಂದೇ ಮಚ್ಚೆಯಂತೆ ಕಾಣುತ್ತದೆ. ಮನೆಗೆಲಸ ಮಾಡುವ ಕೈಗೆ ಅಂಗೈಯಲ್ಲಿ ದಪ್ಪ ಗೆರೆ, ಮುಂಗೈಯಲ್ಲಿ ಬೇಕಾದರೆ ಸಣ್ಣ ಗೆರೆ. ನೀವು ಕಳಿಸುವ ಫೋಟೋ ನೋಡಿ ಎಲ್ಲಿ ಬದಲಾಯಿಸಬೇಕು ಅಂತ ಮೊದಲೇ ಹೇಳುತ್ತೇನೆ.

ಮನೆಯಲ್ಲಿ ಐದು ಜನ ಇದ್ದೇವೆ. ಒಂದು ಸ್ಲಾಟ್ ಸಾಕಾ?

ಸಾಕಾಗುತ್ತದೆ, ಆದರೆ ಯಾರಿಗೆ ಮೊದಲು ಅನ್ನುವುದನ್ನು ಯೋಚಿಸಿಕೊಳ್ಳಬೇಕು. ಒಂದು ಮನೆ ಲೆಕ್ಕ ಹೀಗೆ ಹಾಕೋಣ. ಅಜ್ಜಿ, ಅಮ್ಮ, ಸೊಸೆ, ಕಾಲೇಜಿಗೆ ಹೋಗುವ ಮಗಳು, ಎಂಟು ವರ್ಷದ ಮೊಮ್ಮಗಳು. ಬುಧವಾರ ಮಧ್ಯಾಹ್ನ 2 ಗಂಟೆಯ ಸ್ಲಾಟ್.

ಮೊದಲು ಅಜ್ಜಿಗೆ ಚಂದ್ರ ಚುಕ್ಕಿ. ಅವರು ಊಟ ಮಾಡಿ ಆರಾಮಾಗಿ ಕೂತಿರುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮಗಳಿಗೆ ಎರಡೂ ಅಂಗೈಗೆ ಮಂಡಲ, ನಲವತ್ತು ನಿಮಿಷ. ಮಗು ಶಾಲೆಯಿಂದ ಬರುವುದು ಮೂರೂವರೆಗೆ, ಅಷ್ಟರಲ್ಲಿ ಸೊಸೆಗೆ ಎರಡೂ ಅಂಗೈಗೆ ಅರೇಬಿಕ್ ಮುಗಿಸಿ ಒಂದು ಮುಂಗೈ ಬಳ್ಳಿಯನ್ನೂ ಹಾಕಬಹುದು, ಅದಕ್ಕೆ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ಮಗು ಬಂದು ತಿಂಡಿ ತಿಂದು, ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಕೂರಿಸಿ, ಒಂದು ಅಂಗೈಗೆ ಮಾತ್ರ ಹೂವು ಹಾಕುತ್ತೇನೆ. ಇನ್ನೊಂದು ಕೈ ಬಿಟ್ಟರೆ ಅದು ಅಳದೆ ಎರಡು ಮೂರು ಗಂಟೆ ಇಟ್ಟುಕೊಳ್ಳುತ್ತದೆ.

ಅಮ್ಮನಿಗೆ ಕೊನೆಗೆ. ಅಡುಗೆಮನೆ ಅವರ ಕೈಯಲ್ಲಿ ಇರುವುದರಿಂದ ರಾತ್ರಿಯ ಅನ್ನ ಸಾರು ಮಾಡಿಟ್ಟು ನಾಲ್ಕೂಕಾಲಿಗೆ ಬಂದು ಕೂರಬೇಕು. ಐದು ಗಂಟೆಗೆ ಮುಗಿದರೆ ರಾತ್ರಿ ಹನ್ನೊಂದರವರೆಗೆ ಆರು ಗಂಟೆ ಸಿಗುತ್ತದೆ. ಅವತ್ತು ರಾತ್ರಿ ಊಟ ಬಡಿಸುವುದು ಮನೆಯ ಗಂಡಸರ ಕೆಲಸ. ಇದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ, ಯಾಕೆಂದರೆ ಎಲ್ಲರಿಗಿಂತ ಪೇಲವ ಬಣ್ಣ ಬರುವುದು ಯಾವಾಗಲೂ ಅಮ್ಮಂದಿರಿಗೇ. ಅವರು ಒಂದು ಗಂಟೆಗೇ ಕೈ ತೊಳೆದು ಒಲೆ ಮುಂದೆ ನಿಂತಿರುತ್ತಾರೆ. ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ರೇಟ್ ಎಷ್ಟು?

ಚಂದ್ರ ಚುಕ್ಕಿ ಎರಡೂ ಕೈ ಸೇರಿ 150 ರೂಪಾಯಿ. ಅರೇಬಿಕ್ ಒಂದು ಬದಿಗೆ 150. ಮಂಡಲ ಒಂದು ಅಂಗೈಗೆ 200. ತುಂಬುಗೈ ಒಂದು ಬದಿಗೆ 500. ಮಕ್ಕಳಿಗೆ 100. ಒಂದು ಮನೆಯಲ್ಲಿ ಕನಿಷ್ಠ 800 ರೂಪಾಯಿ ಕೆಲಸ ಇದ್ದರೆ ಬಂದು ಹೋಗುವ ಖರ್ಚು ಬೇರೆ ಕೇಳುವುದಿಲ್ಲ. ಅಷ್ಟಿಲ್ಲದಿದ್ದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ, ಒಂದೇ ಮನೆಯಲ್ಲಿ ಕೂತು ಹಾಕಿಸಿಕೊಂಡರೆ ಎಲ್ಲರಿಗೂ ಅನುಕೂಲ.

ಕೋನ್ ಯಾವುದು? ಅಂಗಡಿಯಿಂದ ತರುತ್ತೀರಾ?

ಇಲ್ಲ, ನಾನೇ ಮಾಡುತ್ತೇನೆ. ರಾಜಸ್ಥಾನದ ಸೋಜತ್‌ನಿಂದ ಬರುವ ಪುಡಿ, ನಯವಾಗಿ ಜರಡಿ ಹಿಡಿದದ್ದು. ನೂರು ಗ್ರಾಂ ಪುಡಿಗೆ ಸುಮಾರು 25 ಗ್ರಾಂ ಸಕ್ಕರೆ, 30 ಮಿಲಿ ನೀಲಗಿರಿ ಎಣ್ಣೆ, ಆಮೇಲೆ ಹದ ನೋಡಿಕೊಂಡು ನೀರು. ಇಷ್ಟೇ ಇರುವುದು. ಸಕ್ಕರೆ ಹಾಕುವುದು ಮೆಹಂದಿ ಕೈಗೆ ಅಂಟಿಕೊಂಡು ಬೇಗ ಒಣಗದೆ ಇರಲಿ ಅಂತ. ನೀಲಗಿರಿ ಎಣ್ಣೆ ಬಣ್ಣ ಬಿಡಲು ಸಹಾಯ ಮಾಡುತ್ತದೆ.

ಕಲಸಿದ ತಕ್ಷಣ ಹಾಕಲು ಬರುವುದಿಲ್ಲ. ಬಣ್ಣ ಬಿಡಲು ಮೈಸೂರಿನ ಹವೆಯಲ್ಲಿ ಒಂದು ರಾತ್ರಿ ಬೇಕು, ಮಳೆ ಹಿಡಿದು ತಣ್ಣಗಿದ್ದರೆ ಇನ್ನೂ ಕೆಲವು ಗಂಟೆ ಜಾಸ್ತಿ. ಸರಿಯಾಗಿ ಬಿಟ್ಟಿದೆಯಾ ಅಂತ ನೋಡುವುದು ಹೀಗೆ: ಒಂದು ಬೊಟ್ಟು ಅಂಗೈ ಮೇಲಿಟ್ಟು ಐದು ನಿಮಿಷ ಬಿಟ್ಟು ಒರೆಸಿದರೆ ಅಲ್ಲಿ ಎದ್ದು ಕಾಣುವ ಕಿತ್ತಳೆ ಗುರುತು ಇರಬೇಕು. ಪೇಲವ ಹಳದಿ ಬಂದರೆ ಇನ್ನೂ ಕಾಯಬೇಕು, ಇಲ್ಲವೇ ಪುಡಿ ಹಳತಾಗಿದೆ ಅಂತ ಅರ್ಥ. ನಿಮ್ಮ ಮನೆಗೆ ಬಂದಾಗ ಮೊದಲು ಈ ಬೊಟ್ಟು ಇಟ್ಟು ತೋರಿಸಿ ಅಂತ ಧಾರಾಳವಾಗಿ ಕೇಳಿ, ಯಾವ ಮೆಹಂದಿಯವರ ಹತ್ತಿರ ಆದರೂ ಕೇಳಿ.

ಇಂಥ ಕೋನ್ ಹೊರಗಿಟ್ಟರೆ ಎರಡು ಮೂರು ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ. ಬುಧವಾರದ ಕೆಲಸಕ್ಕೆ ಮಂಗಳವಾರ ರಾತ್ರಿ ಕಲಸುತ್ತೇನೆ. ಅದಕ್ಕೇ ಎಷ್ಟು ಜನ, ಯಾವ ಡಿಸೈನ್ ಅಂತ ಮೊದಲೇ ತಿಳಿಸಿ ಅಂತ ಪೀಡಿಸುವುದು. ಹೆಚ್ಚುವರಿ ಕೋನ್ ಬೇಕಾದರೆ ಫ್ರೀಜರ್‌ನಲ್ಲಿಟ್ಟು ಬಳಸುವುದಕ್ಕೆ ಕೊಡುತ್ತೇನೆ.

ಹತ್ತು ನಿಮಿಷಕ್ಕೆ ಕೆಂಪಾಗುವ ಕೋನ್, ಕಪ್ಪು ಮೆಹಂದಿ ಹಾಕುತ್ತೀರಾ?

ಹಾಕುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಹಾಕುವುದಿಲ್ಲ.

ಸೊಪ್ಪಿನಿಂದ ಬರುವ ಬಣ್ಣ ಹತ್ತು ನಿಮಿಷಕ್ಕೆ ಗಾಢ ಆಗುವುದಕ್ಕೆ ಸಾಧ್ಯವೇ ಇಲ್ಲ. ಕಪ್ಪಂತೂ ಅದು ಆಗುವುದೇ ಇಲ್ಲ. ಹಾಗೆ ಆಯಿತು ಅಂದರೆ ಒಳಗೆ ಬೇರೆ ಬಣ್ಣ ಸೇರಿಸಿದ್ದಾರೆ. ಕಪ್ಪು ಮೆಹಂದಿಗೆ ಸೇರಿಸುವುದು ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ, ತಲೆಗೂದಲ ಡೈಯಲ್ಲಿ ಇರುವಂಥದ್ದು. ಅದು ಚರ್ಮಕ್ಕೆ ಆಗದವರಿಗೆ ಡಿಸೈನ್ ಹಾಕಿದ ಗೆರೆ ಗೆರೆಯಲ್ಲೇ ಉರಿ ಎದ್ದು ಬೊಬ್ಬೆ ಬರುತ್ತದೆ. ಅದೂ ಅವತ್ತೇ ಬರಬೇಕು ಅಂತಿಲ್ಲ, ಕೆಲವು ದಿನ ಬಿಟ್ಟು ಬರಬಹುದು. ಒಮ್ಮೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಉಳಿಯುತ್ತದೆ, ಮುಂದೆ ಕೂದಲಿಗೆ ಡೈ ಹಚ್ಚಿದಾಗಲೂ ತೊಂದರೆ ಕೊಡುತ್ತದೆ.

ಗುರುತಿಸುವುದು ಕಷ್ಟವಲ್ಲ. ಒಳ್ಳೆಯ ಮೆಹಂದಿ ಸೊಪ್ಪಿನ ವಾಸನೆ, ನೀಲಗಿರಿ ವಾಸನೆ ಬರುತ್ತದೆ. ಸೀಮೆಎಣ್ಣೆಯಂಥ ಘಾಟು ಬಂದರೆ ಬೇಡ. ವರ್ಷಾನುಗಟ್ಟಲೆ ಅಂಗಡಿ ಕಪಾಟಿನಲ್ಲಿ ಹಾಗೇ ಇರುವ ಕೋನ್ ಬೇಡ. ಒಳಗೆ ಏನಿದೆ ಅಂತ ಬರೆಯದೇ ಇದ್ದರೆ ಖಂಡಿತಾ ಬೇಡ.

ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಹಾಕಬಹುದಾ?

ಐದು ವರ್ಷದೊಳಗಿನ ಮಕ್ಕಳಿಗೆ ನಾನು ಹಾಕುವುದಿಲ್ಲ. ಕೂಸುಗಳಿಗಂತೂ ಮನೆಯಲ್ಲಿ ರುಬ್ಬಿದ ಸೊಪ್ಪೂ ಬೇಡ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಶುದ್ಧ ಮೆಹಂದಿಯಿಂದಲೂ ರಕ್ತದ ಕೆಂಪು ಕಣಗಳು ಒಡೆದು ಪ್ರಾಣಕ್ಕೇ ಅಪಾಯ ಆಗಬಹುದು. ಮಗುವಿಗೆ ಆ ಕೊರತೆ ಇದೆ ಅಂತ ಎಷ್ಟೋ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ. ದೊಡ್ಡವರಲ್ಲಿ ಯಾರಿಗಾದರೂ ಇದು ಇದೆ ಅಂತ ಗೊತ್ತಿದ್ದರೆ ಅವರಿಗೂ ಬೇಡ.

ಬಸುರಿಯರಿಗೆ ನೀಲಗಿರಿ ಎಣ್ಣೆ ಇಲ್ಲದೆ, ನಿಂಬೆರಸದಲ್ಲಿ ಕಲಸಿದ ಕೋನ್ ಬೇರೆ ಮಾಡುತ್ತೇನೆ. ಬಣ್ಣ ಒಂದು ಪಟ್ಟು ಕಡಿಮೆ ಬರುತ್ತದೆ. ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ, ಎರಡು ದಿನ ಮೊದಲು ನನಗೆ ತಿಳಿಸಿ.

ಬಣ್ಣ ಚೆನ್ನಾಗಿ ಬರಲು ನಾವೇನು ಮಾಡಬೇಕು?

ನಾನು ಬರುವ ಮುಂಚೆ ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಡಿ. ಕ್ರೀಮ್, ಲೋಷನ್ ಬೇಡ. ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಹಿಂದಿನ ದಿನವೇ ಮುಗಿಸಿ, ಮೆಹಂದಿ ಆದ ಮೇಲೆ ಮಾಡಿಸಿದರೆ ಬಣ್ಣವೂ ಅದರ ಜೊತೆ ಬಂದುಬಿಡುತ್ತದೆ.

ಹಾಕಿದ ಮೇಲೆ ಕನಿಷ್ಠ ಆರು ಗಂಟೆ ಇರಲಿ. ಮೇಲ್ಭಾಗ ಒಣಗಿ ಬಿರಿಯಲು ಶುರುವಾದಾಗ ನಿಂಬೆರಸ ಸಕ್ಕರೆ ಕಲಸಿದ್ದನ್ನು ಹತ್ತಿಯಲ್ಲಿ ಮೆತ್ತಗೆ ಒತ್ತಿ. ಸುರಿಯಬೇಡಿ, ಗೆರೆ ಕದಡುತ್ತದೆ. ಒಂದೆರಡು ಸಲ ಸಾಕು. ಆರು ಗಂಟೆ ಆದ ಮೇಲೆ ನೀರು ಹಾಕಿ ತೊಳೆಯಬೇಡಿ, ಬೆಣ್ಣೆ ಸವರುವ ಚಾಕುವಿನ ಬೆನ್ನಿನಿಂದ ಕೆರೆದು ಉದುರಿಸಿ, ಕೊಬ್ಬರಿ ಎಣ್ಣೆ ಸವರಿ. ಮೊದಲ ಹನ್ನೆರಡು ಗಂಟೆ ನೀರು ಮುಟ್ಟದಿದ್ದರೆ ತುಂಬಾ ಒಳ್ಳೆಯದು. ಕಾವಲಿ ಮೇಲೆ ಲವಂಗ ಹುರಿದು ಆ ಹೊಗೆಗೆ ಕೈ ಹಿಡಿಯುತ್ತಾರಲ್ಲ, ಅದರ ಬಿಸಿ ಸಹಾಯ ಮಾಡುತ್ತದೆ. ಮಾಡುವುದಿದ್ದರೆ ಕೈ ದೂರ ಇರಲಿ, ಉರಿ ತಾಗುವಷ್ಟು ಬೇಡ.

ಮಾರನೆಯ ದಿನ ಪಾತ್ರೆ ತೊಳೆಯಲೇಬೇಕು ಅಂದರೆ ಮೊದಲು ಕೈಗೆ ಎಣ್ಣೆ ಸವರಿ, ಮೇಲೆ ಗ್ಲೌಸ್ ಹಾಕಿಕೊಳ್ಳಿ. ನಾರಿನಿಂದ ಉಜ್ಜುವುದನ್ನು ಹಬ್ಬ ಮುಗಿಯುವವರೆಗೆ ಬೇರೆ ಯಾರಾದರೂ ಮಾಡಲಿ.

ಅಕ್ಕನಿಗೆ ಕೆಂಪಾಯಿತು, ನನಗೆ ಆಗಲಿಲ್ಲ. ಯಾಕೆ?

ಒಂದೇ ಕೋನ್, ಒಂದೇ ದಿನ ಹಾಕಿದರೂ ಹೀಗಾಗುತ್ತದೆ. ಚರ್ಮದ ದಪ್ಪ, ಕೈಯ ಬಿಸಿ, ಎಷ್ಟು ಹೊತ್ತು ಇಟ್ಟುಕೊಂಡಿರಿ ಅನ್ನುವುದರಿಂದ ವ್ಯತ್ಯಾಸ ಬರುತ್ತದೆ. ಕೈ ಸದಾ ತಣ್ಣಗಿರುವವರಿಗೆ ಸ್ವಲ್ಪ ಕಡಿಮೆಯೇ ಬರುವುದು, ಅವರು ಬಿಸಿ ಕಾಫಿ ಕುಡಿದು, ಶಾಲು ಹೊದ್ದು ಫ್ಯಾನ್ ಇಲ್ಲದ ಕಡೆ ಕೂತರೆ ಒಳ್ಳೆಯದು. ಮುಂಗೈ ಯಾರಿಗೂ ಅಂಗೈಯಷ್ಟು ಕೆಂಪಾಗುವುದಿಲ್ಲ. ಗಂಡನ ಪ್ರೀತಿಗೂ ಅತ್ತೆಯ ಪ್ರೀತಿಗೂ ಇದಕ್ಕೂ ಸಂಬಂಧ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿಯರ ಮುಂದೆ ದಯವಿಟ್ಟು ಆ ಮಾತು ಆಡಬೇಡಿ, ಕೆಲವರು ನಿಜವಾಗಿಯೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಬುಕ್ ಮಾಡುವುದು ಹೇಗೆ? ಕ್ಯಾನ್ಸಲ್ ಮಾಡಿದರೆ?

ವಾಟ್ಸಾಪ್‌ನಲ್ಲಿ ಒಂದೇ ಮೆಸೇಜಿನಲ್ಲಿ ಬರೆಯಿರಿ: ಯಾವ ಹಬ್ಬ, ಯಾವ ದಿನ, ಎಷ್ಟು ಜನ, ಯಾರಿಗೆ ಯಾವ ಡಿಸೈನ್, ಮನೆ ಯಾವ ಬಡಾವಣೆ. ಅಲರ್ಜಿ ಇದ್ದರೆ ಅದನ್ನೂ ಬರೆಯಿರಿ. ನಾನು ಸ್ಲಾಟ್ ಹೇಳಿದ ಮೇಲೆ 200 ರೂಪಾಯಿ ಅಡ್ವಾನ್ಸ್ ಕಳಿಸಿದರೆ ಬುಕ್ ಆಯಿತು. ಎರಡು ದಿನ ಮೊದಲು ತಿಳಿಸಿದರೆ ಪೂರ್ತಿ ವಾಪಸ್ ಕೊಡುತ್ತೇನೆ. ಕೋನ್ ಕಲಸಿದ ಮೇಲೆ ತಿಳಿಸಿದರೆ ವಾಪಸ್ ಇಲ್ಲ, ಆದರೆ ಮನೆಯಲ್ಲಿ ಸೂತಕ ಬಂದರೆ ಆ ಅಡ್ವಾನ್ಸನ್ನು ಮುಂದಿನ ಹಬ್ಬಕ್ಕೆ ಇಟ್ಟುಕೊಳ್ಳುತ್ತೇನೆ. ವರಮಹಾಲಕ್ಷ್ಮಿಗೆ ಬುಧವಾರದ ಮಧ್ಯಾಹ್ನದ ಸ್ಲಾಟ್‌ಗಳು ಮೊದಲು ತುಂಬುತ್ತವೆ, ಅದು ಸಿಗದಿದ್ದರೆ ಗುರುವಾರಕ್ಕೆ ಹೋಗಬೇಡಿ, ಮಂಗಳವಾರ ಸಂಜೆ ತೆಗೆದುಕೊಳ್ಳಿ.